ಫರ್ಮ್‌ವೇರ್ ಅಪ್‌ಡೇಟ್ ಅರ್ಧಕ್ಕೆ ನಿಂತರೆ ತಕ್ಷಣ ಬೋರ್ಡ್ ಬದಲಿಸಬೇಡಿ

ಯುಎಸ್‌ಬಿ ಮಿಕ್ಸರ್ ಅಥವಾ ಇಂಟರ್‌ಫೇಸ್ ಇಟ್ಟುಕೊಂಡು ಮನೆಯಲ್ಲೇ ರೆಕಾರ್ಡಿಂಗ್ ಮಾಡುವವರಿಗೆ ಇದನ್ನು ಬರೆಯುತ್ತಿದ್ದೇನೆ. ನನ್ನ ಮಿಕ್ಸರ್ ಅಪ್‌ಡೇಟ್ ನಡುವೆ ಸತ್ತಂತಾಯಿತು. ಅಂಗಡಿಯವರು ಹೇಳಿದ ರಿಪೇರಿ ಖರ್ಚು ಹೊಸ ಮಿಕ್ಸರಿನ ಅರ್ಧ ಬೆಲೆ ಮುಟ್ಟುತ್ತಿತ್ತು. ಕೊನೆಗೆ ಅದು ಬಿಡಿಗಾಸು ಖರ್ಚಿಲ್ಲದೆ ಮನೆಯಲ್ಲೇ ಸರಿಹೋಯಿತು.

ಆಗಿದ್ದು ಕರೆಂಟಿನಿಂದ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಮಿಕ್ಸರಿಗೆ ಇಲ್ಲ. ಅದು ಅಡಾಪ್ಟರ್ ಮೂಲಕ ಗೋಡೆಯ ಪ್ಲಗ್ಗಿನಲ್ಲಿತ್ತು. ಅಪ್‌ಡೇಟ್ ಪಟ್ಟಿ ಅರ್ಧ ದಾಟಿತ್ತು, ಅಷ್ಟರಲ್ಲಿ ಕರೆಂಟು ಹೋಯಿತು. ಲ್ಯಾಪ್‌ಟಾಪಿನ ಪರದೆ ಏನೂ ಆಗದಂತೆ ಬೆಳಗುತ್ತಲೇ ಇತ್ತು. ಕರೆಂಟು ಬಂದ ಮೇಲೆ ಮಿಕ್ಸರಿನಲ್ಲಿ ಪವರ್ ದೀಪ ಒಂದೇ ಉರಿಯಿತು. ಮೀಟರ್ ಇಲ್ಲ, ಬಟನ್ ಒತ್ತಿದರೆ ಉತ್ತರವಿಲ್ಲ. ಹತ್ತಿರದ ರಿಪೇರಿ ಅಂಗಡಿಯಲ್ಲಿ ಆನ್ ಮಾಡಿ ನೋಡಿದವರೇ "ಬೋರ್ಡ್ ಹೋಗಿದೆ ಸಾರ್, ಹೊಸದೇ ಹಾಕ್ಬೇಕು" ಅಂದರು. ಕಂಪ್ಯೂಟರಿಗೆ ಚುಚ್ಚಿ ನೋಡುವ ಗೋಜಿಗೇ ಹೋಗಲಿಲ್ಲ. ನನಗೆ ಅನುಮಾನ ಬಂದದ್ದು ಅಲ್ಲೇ.

ಇಂಥ ಹೆಚ್ಚಿನ ಸಾಧನಗಳಲ್ಲಿ ಎರಡು ಬೇರೆ ಬೇರೆ ಪ್ರೋಗ್ರಾಂ ಇರುತ್ತವೆ. ದೊಡ್ಡದು ಫರ್ಮ್‌ವೇರ್, ಮಿಕ್ಸರಿನ ಕೆಲಸವೆಲ್ಲ ಅದರದ್ದೇ. ಚಿಕ್ಕದು ಬೂಟ್‌ಲೋಡರ್. ಪವರ್ ಕೊಟ್ಟ ಕೂಡಲೇ ಮೊದಲು ಎದ್ದು ಫರ್ಮ್‌ವೇರನ್ನು ಎಬ್ಬಿಸುವುದು ಇದು. ಅಪ್‌ಡೇಟ್‌ನಲ್ಲಿ ಸಾಮಾನ್ಯವಾಗಿ ಅಳಿಸಿ ಬರೆಯುವುದು ದೊಡ್ಡದನ್ನು ಮಾತ್ರ. ಹಾಗಾಗಿ ಅದು ಅರ್ಧಂಬರ್ಧವಾದರೂ ಬೂಟ್‌ಲೋಡರ್ ಉಳಿದಿರುತ್ತದೆ, ಹೊಸ ಫೈಲಿಗೆ ಕಾಯುತ್ತಿರುತ್ತದೆ.

ಉಳಿದಿದೆಯೋ ಇಲ್ಲವೋ ಎಂದು ನೋಡುವುದು ಸುಲಭ. ವಿಂಡೋಸ್‌ನಲ್ಲಿ Device Manager ತೆರೆದಿಟ್ಟು ಮಿಕ್ಸರ್ ಆನ್ ಮಾಡಿ. ಪಟ್ಟಿಯಲ್ಲಿ ಹೊಸದೇನಾದರೂ ಬಂದರೆ Properties, Details, ಆಮೇಲೆ Hardware Ids ನೋಡಿ. ಅಲ್ಲಿ VID ಎಂಬುದರ ಮುಂದೆ ಕಂಪನಿಯ ನಿಜವಾದ ಸಂಖ್ಯೆ ಬಂದರೆ ಸಾಧನ ಮಾತಾಡುತ್ತಿದೆ ಎಂದೇ ಅರ್ಥ, ಹೆಸರು ಬೇರೆ ತೋರಿಸಿದರೂ ಪರವಾಗಿಲ್ಲ. `VID_0000&PID_0002` ಅಂತ ಬಂದರೆ ಮಿಕ್ಸರ್ ತನ್ನ ಗುರುತನ್ನು ಸರಿಯಾಗಿ ಹೇಳಲಾಗುತ್ತಿಲ್ಲ. ಇದಕ್ಕೆ ಕೆಟ್ಟ ಕೇಬಲ್ಲೂ ಕಾರಣ ಇರಬಹುದು, ಆದ್ದರಿಂದ ಮೊದಲು ಕೇಬಲ್ ಮತ್ತು ಪೋರ್ಟ್ ಬದಲಿಸಿ. ಲಿನಕ್ಸ್‌ನಲ್ಲಾದರೆ `lsusb` ಸಾಕು.

ನನ್ನದರಲ್ಲಿ ಮೊದಲು ಬಂದದ್ದು ಆ ಸೊನ್ನೆಗಳೇ. ಕೇಬಲ್ ಬದಲಿಸಿದರೂ ಅಷ್ಟೇ. ಆಮೇಲೆ ಕಂಪನಿಯ ಸಪೋರ್ಟ್ ಪುಟದಲ್ಲಿ ಹುಡುಕಿದಾಗ ರಿಕವರಿ ವಿಧಾನ ಸಿಕ್ಕಿತು. ಒಂದು ಬಟನ್ ಒತ್ತಿ ಹಿಡಿದುಕೊಂಡೇ ಪವರ್ ಹಾಕಬೇಕಿತ್ತು. ಯಾವ ಬಟನ್ ಎನ್ನುವುದು ಮಾಡೆಲ್ಲಿನಿಂದ ಮಾಡೆಲ್ಲಿಗೆ ಬೇರೆ, ಸುಮ್ನೆ ಊಹಿಸಿ ಒತ್ತಬೇಡಿ. ಹಾಗೆ ಆನ್ ಮಾಡಿದಾಗ ಕಂಪನಿಯ ಸಂಖ್ಯೆಯೊಂದಿಗೆ ಹೊಸ ಹೆಸರು ಕಾಣಿಸಿತು. ಅಪ್‌ಡೇಟರ್ ಮತ್ತೆ ಓಡಿಸಿದೆ. ಅದು ಮೊದಲಿನಿಂದ ಬರೆದು ಮುಗಿಸಿತು.

ಈ ಹಂತದಲ್ಲಿ ಇನ್ನೂ ಒಂದು ಗಂಡಾಂತರವಿದೆ. ಅಪ್‌ಡೇಟ್ ಶುರುವಾದಾಗ ಸಾಧನ ಬೂಟ್‌ಲೋಡರಿಗೆ ಹೊರಳುತ್ತದೆ. ಆಗ ಕಂಪ್ಯೂಟರಿನಿಂದ ಕಳಚಿಕೊಂಡ ಸದ್ದು ಬರುತ್ತದೆ, ಮತ್ತೆ ಸೇರಿದ ಸದ್ದೂ ಬರುತ್ತದೆ. ಇದನ್ನು ಕೇಳಿ ಗಾಬರಿಯಾಗಿ ಕೇಬಲ್ ಕೀಳುವವರು ಜಾಸ್ತಿ. ಕೀಳಬೇಡಿ, ಅದು ಆಗಬೇಕಾದದ್ದೇ. ಅಪ್‌ಡೇಟ್ ಪಟ್ಟಿ ಕದಲದಿದ್ದರೂ ಸೂಚನೆಯಲ್ಲಿ ಹೇಳಿದಷ್ಟು ಹೊತ್ತು ಕಾಯಿರಿ, ಇನ್ನೂ ಸ್ವಲ್ಪ ಜಾಸ್ತಿಯೇ ಕಾಯಿರಿ.

ಅಪ್‌ಡೇಟ್ ಮಾಡಲೇಬೇಕೆಂದರೆ ಮಿಕ್ಸರನ್ನೂ ಯುಪಿಎಸ್‌ಗೆ ಹಾಕಿ, ಕಂಪ್ಯೂಟರನ್ನಷ್ಟೇ ಅಲ್ಲ. ಯುಎಸ್‌ಬಿಯಿಂದಲೇ ಪವರ್ ತೆಗೆದುಕೊಳ್ಳುವ ಇಂಟರ್‌ಫೇಸ್ ಆದರೆ ಹಬ್ ಬಿಟ್ಟು ನೇರ ಪೋರ್ಟಿಗೆ ಚುಚ್ಚಿ. 48 ವೋಲ್ಟ್ ಫ್ಯಾಂಟಮ್ ಆಫ್ ಮಾಡಿ, ಲ್ಯಾಪ್‌ಟಾಪಿನ ಸ್ಲೀಪ್ ನಿಲ್ಲಿಸಿ, ರೆಕಾರ್ಡಿಂಗ್ ಸಾಫ್ಟ್‌ವೇರ್ ಮುಚ್ಚಿ. ಮಾಡೆಲ್ ಹೆಸರನ್ನು ಕೆಳಗಿನ ಸ್ಟಿಕ್ಕರಿನಲ್ಲಿ ಓದಿಕೊಳ್ಳಿ. ಎರಡನೇ ಆವೃತ್ತಿಯ ಮಿಕ್ಸರಿನ ಫೈಲ್ ಮೊದಲನೆಯದಕ್ಕೆ ಆಗುವುದಿಲ್ಲ, ಪೆಟ್ಟಿಗೆ ನೋಡಲು ಒಂದೇ ತರ ಇದ್ದರೂ. ಸೀನ್‌ಗಳನ್ನು ಬೇರೆ ಕಡೆ ಉಳಿಸಿಕೊಳ್ಳಿ. ನನ್ನವೆಲ್ಲ ಅಳಿಸಿಹೋಗಿದ್ದವು, ಚಾನೆಲ್‌ಗಳ ಇಕ್ಯೂ ಮತ್ತೆ ಕೂತು ಹೊಂದಿಸಬೇಕಾಯಿತು. ಸ್ಪೀಕರ್ ಆಫ್ ಇರಲಿ, ಮಿಕ್ಸರ್ ಮರುಶುರುವಾಗುವಾಗ ಟಪ್ ಅಂತ ಜೋರು ಸದ್ದು ಬರಬಹುದು. ಕಾರ್ಯಕ್ರಮದ ಹಿಂದಿನ ದಿನವಂತೂ ಬೇಡವೇ ಬೇಡ.

ಎಲ್ಲವೂ ಹೀಗೆ ಬದುಕುವುದಿಲ್ಲ. ಕೆಲವು ಅಪ್‌ಡೇಟ್‌ಗಳು ಬೂಟ್‌ಲೋಡರನ್ನೂ ಬದಲಿಸುತ್ತವೆ. ಆ ಹೊತ್ತಿಗೆ ಕರೆಂಟು ಹೋದರೆ ಮನೆಯಲ್ಲಿ ಮಾಡಲು ಏನೂ ಉಳಿಯುವುದಿಲ್ಲ, ಸರ್ವೀಸ್ ಸೆಂಟರಿನಲ್ಲಿ ಚಿಪ್ಪಿಗೆ ನೇರವಾಗಿ ಬರೆಯಬೇಕು. ಆಗಲೂ "ಪ್ರೋಗ್ರಾಂ ಮತ್ತೆ ಹಾಕಲು ಆಗುತ್ತದೆಯೇ?" ಎಂದು ಕೇಳಿ, ಆಮೇಲೆ ಬೋರ್ಡಿನ ಮಾತು. ವಾರಂಟಿ ಇದ್ದರೆ ಸ್ಕ್ರೂ ಬಿಚ್ಚುವ ಮೊದಲೇ ಕಂಪನಿಗೆ ಬರೆಯಿರಿ.