ಲ್ಯಾಪ್‌ಟಾಪ್ ಕೆಟ್ಟರೂ ಫೈಲ್ ಉಳಿಯಬೇಕು: ಒನ್‌ಡ್ರೈವ್, ಗೂಗಲ್ ಡ್ರೈವ್, ಫೈಲ್ ಹಿಸ್ಟರಿ ಹೋಲಿಕೆ

ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಫೋಲ್ಡರ್‌ಗಳನ್ನು ತಾನಾಗಿಯೇ ಬ್ಯಾಕಪ್ ಮಾಡಿಸಲು ದುಡ್ಡು ಕೊಡದೆ ಸಿಗುವ ದಾರಿ ಮುಖ್ಯವಾಗಿ ಮೂರು. ಮೈಕ್ರೋಸಾಫ್ಟ್‌ನ ಒನ್‌ಡ್ರೈವ್, ಗೂಗಲ್ ಡ್ರೈವ್‌ನ ಡೆಸ್ಕ್‌ಟಾಪ್ ಆ್ಯಪ್, ಮತ್ತೆ ಎಕ್ಸ್‌ಟರ್ನಲ್ ಡಿಸ್ಕ್ ಮೇಲೆ ವಿಂಡೋಸ್‌ನದ್ದೇ ಆದ ಫೈಲ್ ಹಿಸ್ಟರಿ. ಮೂರನ್ನೂ ಒಂದೇ ಸಾಮಾನಿನ ಮೇಲೆ ಹಾಕಿ ನೋಡಿದೆ. ವರ್ಡ್ ಫೈಲ್, ಎಕ್ಸೆಲ್ ಲೆಕ್ಕ, ಸ್ಕ್ಯಾನ್ ಮಾಡಿದ ಪಿಡಿಎಫ್, ಎಲ್ಲಾ ಸೇರಿ ಸುಮಾರು 4 ಜಿಬಿ.

ಶುರು ಮಾಡುವುದು ಮೂರರಲ್ಲೂ ಸುಲಭ. ಹಾಗಾಗಿ ನಾನು ನೋಡಿದ್ದು ಫೈಲ್ ವಾಪಸ್ ಬರುವ ರೀತಿಯನ್ನು. ನಿನ್ನೆಯ ಫೈಲ್ ಮೇಲೆ ಇವತ್ತು ತಪ್ಪು ಬರೆದು ಸೇವ್ ಆದರೆ ಏನಾಗುತ್ತದೆ? ಫೈಲ್ ಡಿಲೀಟ್ ಆದರೆ? ಲ್ಯಾಪ್‌ಟಾಪೇ ಇಲ್ಲದಂತಾದರೆ?

"ಲ್ಯಾಪ್‌ಟಾಪ್ ಹೋದರೂ ಡಿಸ್ಕ್ ತೆಗೆದು ಬೇರೆ ಕಡೆ ಹಾಕಿದರೆ ಫೈಲ್ ಸಿಗುತ್ತೆ ಅಲ್ವಾ" ಎಂದು ಕೇಳುವವರು ಜಾಸ್ತಿ. ಮೊದಲು ಇದು ಬಹುಮಟ್ಟಿಗೆ ನಿಜವಾಗಿತ್ತು. ಈಗ ವಿಂಡೋಸ್ 11 ಇರುವ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಕೂಡಲೇ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗುತ್ತದೆ. ಆ ಡಿಸ್ಕನ್ನು ಬೇರೆ ಕಂಪ್ಯೂಟರ್‌ಗೆ ಹಾಕಿದರೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದಿಲ್ಲದೆ ರಿಪೇರಿ ಅಂಗಡಿಯವರೂ ಏನೂ ಮಾಡಲಾರರು. ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ, aka.ms/myrecoverykey ಎಂಬಲ್ಲಿ ನೋಡಬಹುದು. ಇವತ್ತೇ ಅದನ್ನು ಕಾಗದದ ಮೇಲೆ ಬರೆದಿಡಿ.

ಮೂರು ದಾರಿಗಳ ನಡುವಿನ ದೊಡ್ಡ ವ್ಯತ್ಯಾಸ ಫೋಲ್ಡರ್ ಎಲ್ಲಿರುತ್ತದೆ ಅನ್ನುವುದರಲ್ಲಿದೆ. ಒನ್‌ಡ್ರೈವ್‌ನ ಸೆಟ್ಟಿಂಗ್ಸ್‌ನಲ್ಲಿ Manage backup ಒತ್ತಿ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಆನ್ ಮಾಡಿದರೆ, ಅದು ಫೋಲ್ಡರ್‌ನ ಇನ್ನೊಂದು ಪ್ರತಿ ಮಾಡುವುದಿಲ್ಲ. ಫೋಲ್ಡರನ್ನೇ ಒನ್‌ಡ್ರೈವ್ ಒಳಗೆ ಸಾಗಿಸುತ್ತದೆ. ಸ್ಕ್ರೀನ್ ಮೇಲೆ ಎಲ್ಲಾ ಮೊದಲಿನಂತೆಯೇ ಕಾಣುತ್ತದೆ, ಆದರೆ ವಿಳಾಸ ಬದಲಾಗಿರುತ್ತದೆ. ನಿಮ್ಮ ಫೋಲ್ಡರ್ ಈಗ ಎಲ್ಲಿದೆ ಎಂದು ಪವರ್‌ಶೆಲ್‌ನಲ್ಲಿ ಹೀಗೆ ನೋಡಬಹುದು:

```
[Environment]::GetFolderPath("Desktop")
[Environment]::GetFolderPath("MyDocuments")
```

ಉತ್ತರದಲ್ಲಿ OneDrive ಎಂಬ ಪದ ಇದ್ದರೆ ಫೋಲ್ಡರ್ ಸಾಗಿದೆ ಎಂದರ್ಥ. ಹೊಸ ಲ್ಯಾಪ್‌ಟಾಪ್ ಸೆಟಪ್ ಮಾಡುವಾಗ ಇದು ಆನ್ ಆಗಿರುವುದು ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ಆಮೇಲೆ ಬ್ಯಾಕಪ್ ಆಫ್ ಮಾಡಿದಾಗ ಡೆಸ್ಕ್‌ಟಾಪ್ ಖಾಲಿಯಾಗಿ ಕಂಡು ಗಾಬರಿಯಾಗುತ್ತದೆ. ಫೈಲ್ ಹೋಗಿರುವುದಿಲ್ಲ, ಒನ್‌ಡ್ರೈವ್ ಫೋಲ್ಡರ್‌ನ ಒಳಗಿನ Desktop ನಲ್ಲಿ ಕೂತಿರುತ್ತದೆ. ಅಲ್ಲಿಂದ ಎತ್ತಿ ತಂದರೆ ಆಯಿತು.

ಗೂಗಲ್ ಡ್ರೈವ್ ಆ್ಯಪ್ ಹೀಗೆ ಮಾಡುವುದಿಲ್ಲ. Preferences ಒಳಗೆ Add folder ಒತ್ತಿ ಎರಡು ಫೋಲ್ಡರ್ ತೋರಿಸಿ, Sync with Google Drive ಆರಿಸಿದರೆ ಫೋಲ್ಡರ್ ಇದ್ದ ಜಾಗದಲ್ಲೇ ಇರುತ್ತದೆ. ಅದರ ಪ್ರತಿ ಮಾತ್ರ ಡ್ರೈವ್‌ನ Computers ಎಂಬ ವಿಭಾಗಕ್ಕೆ ಹೋಗುತ್ತದೆ. ಫೈಲ್ ಹಿಸ್ಟರಿಯೂ ಫೋಲ್ಡರನ್ನು ಕದಲಿಸದೆ ಡಿಸ್ಕ್‌ಗೆ ಪ್ರತಿ ಬರೆಯುತ್ತದೆ. ಹಳೆಯ ಸಾಫ್ಟ್‌ವೇರ್, ಮ್ಯಾಕ್ರೋ, ಶಾರ್ಟ್‌ಕಟ್‌ಗಳು ಫೋಲ್ಡರ್‌ನ ವಿಳಾಸ ನಂಬಿಕೊಂಡಿದ್ದರೆ ಈ ಎರಡೇ ವಾಸಿ.

ತಪ್ಪು ಸೇವ್ ಆದ ಫೈಲ್ ವಿಷಯದಲ್ಲಿ ಮೂರೂ ಗೆದ್ದವು. ಒಂದು ಎಕ್ಸೆಲ್ ಫೈಲ್‌ನಲ್ಲಿ ಇಡೀ ಶೀಟ್ ಅಳಿಸಿ ಸೇವ್ ಮಾಡಿದೆ. ಒನ್‌ಡ್ರೈವ್ ವೆಬ್‌ಸೈಟ್‌ನಲ್ಲಿ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ Version history ನೋಡಿದರೆ ಹಳೆಯದು ಸಿಕ್ಕಿತು. ವೈಯಕ್ತಿಕ ಖಾತೆಯಲ್ಲಿ ಕೊನೆಯ 25 ಆವೃತ್ತಿಗಳು ಇರುತ್ತವೆ. ಗೂಗಲ್ ಡ್ರೈವ್‌ನಲ್ಲಿ Manage versions ಕೆಳಗೆ ಸಿಕ್ಕಿತು, ಆದರೆ ಹಳೆಯ ಆವೃತ್ತಿಗಳು ಸಾಮಾನ್ಯವಾಗಿ 30 ದಿನ ಮಾತ್ರ. ಫೈಲ್ ಹಿಸ್ಟರಿಯ ರೂಢಿ ಗಂಟೆಗೊಂದು ಪ್ರತಿ, ಬೇಕಿದ್ದರೆ 10 ನಿಮಿಷಕ್ಕೂ ಇಳಿಸಬಹುದು. ಸುಮ್ನೆ ಬಿಟ್ಟರೆ ಹಳೆಯದನ್ನು ಅಳಿಸುವುದೂ ಇಲ್ಲ. ಆರು ತಿಂಗಳ ಹಿಂದಿನ ಲೆಕ್ಕ ಬೇಕೆಂದರೆ ನಿಮಗೆ ಧೈರ್ಯ ಕೊಡುವುದು ಇದೇ.

ಡಿಲೀಟ್ ವಿಷಯದಲ್ಲಿ ಒಂದು ಮಾತು ಚೆನ್ನಾಗಿ ನೆನಪಿರಬೇಕು. ಒನ್‌ಡ್ರೈವ್ ಆಗಲಿ, ಗೂಗಲ್ ಡ್ರೈವ್ ಆಗಲಿ ಮಾಡುವುದು ಸಿಂಕ್. ಲ್ಯಾಪ್‌ಟಾಪ್‌ನಲ್ಲಿ ಅಳಿಸಿದ್ದು ಆನ್‌ಲೈನಿನಲ್ಲೂ ಅಳಿಯುತ್ತದೆ. ವೆಬ್‌ಸೈಟ್‌ನಲ್ಲಿ ಜಾಗ ಖಾಲಿ ಮಾಡೋಣ ಎಂದು ಅಳಿಸಿದ್ದು ಲ್ಯಾಪ್‌ಟಾಪ್‌ನಿಂದಲೂ ಹೋಗುತ್ತದೆ. ಎರಡರಲ್ಲೂ ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ, ಆಮೇಲೆ ಇಲ್ಲ. ಮಾರ್ಚ್‌ನಲ್ಲಿ ಗೊತ್ತಿಲ್ಲದೆ ಅಳಿಸಿದ ಫೋಲ್ಡರ್ ಜುಲೈನಲ್ಲಿ ತೆರಿಗೆ ಕಟ್ಟುವಾಗ ನೆನಪಾದರೆ ಇವೆರಡೂ ಕೈಕೊಡುತ್ತವೆ. ಡಿಸ್ಕ್ ಮೇಲಿನ ಫೈಲ್ ಹಿಸ್ಟರಿಯಲ್ಲಿ ಅದು ಹಾಗೇ ಉಳಿದಿರುತ್ತದೆ.

ಇನ್ನು ಲ್ಯಾಪ್‌ಟಾಪೇ ಹೋದ ಸಂದರ್ಭ. ಹಳೆಯ ಲ್ಯಾಪ್‌ಟಾಪ್ ಆಫ್ ಮಾಡಿ ಪಕ್ಕಕ್ಕಿಟ್ಟು, ಇನ್ನೊಂದರಲ್ಲಿ ಎಲ್ಲವನ್ನೂ ವಾಪಸ್ ತರಿಸಿ ನೋಡಿದೆ. ಇಲ್ಲಿ ಒನ್‌ಡ್ರೈವ್ ಬಹಳ ಮುಂದಿದೆ. ಅದೇ ಖಾತೆಯಿಂದ ಲಾಗಿನ್ ಆಗಿ ಬ್ಯಾಕಪ್ ಆನ್ ಮಾಡಿದರೆ ಡೆಸ್ಕ್‌ಟಾಪ್‌ನ ಫೈಲ್‌ಗಳು ಡೆಸ್ಕ್‌ಟಾಪ್‌ನಲ್ಲೇ ಬಂದು ಕೂರುತ್ತವೆ. ಮೊದಲು ಹೆಸರು ಮತ್ತು ನೀಲಿ ಮೋಡದ ಗುರುತು ಮಾತ್ರ ಬರುತ್ತದೆ, ಒಳಗಿನದು ಫೈಲ್ ತೆರೆದಾಗ ಇಳಿಯುತ್ತದೆ. ಹಾಗಾಗಿ ನಿಧಾನದ ನೆಟ್ ಇದ್ದರೂ ಬೇಕಾದ ಒಂದು ಫೈಲ್ ತೆಗೆದು ಕೆಲಸ ಶುರು ಮಾಡಬಹುದು.

ಗೂಗಲ್ ಡ್ರೈವ್‌ನಲ್ಲಿ ಫೈಲ್ ಎಲ್ಲವೂ ಇರುತ್ತದೆ, ಆದರೆ ಹೊಸ ಲ್ಯಾಪ್‌ಟಾಪ್‌ನ ಡೆಸ್ಕ್‌ಟಾಪ್‌ಗೆ ತಾನಾಗಿ ಬರುವುದಿಲ್ಲ. ಹಳೆಯ ಲ್ಯಾಪ್‌ಟಾಪ್‌ನ ಹೆಸರಿನಲ್ಲಿ ಬೇರೆಯೇ ಫೋಲ್ಡರ್ ಆಗಿ ಉಳಿಯುತ್ತದೆ. ವೆಬ್‌ಸೈಟ್‌ನಿಂದ ಡೌನ್‌ಲೋಡ್ ಮಾಡಿದರೆ ಜಿಪ್ ಆಗಿ, ದೊಡ್ಡದಾದರೆ ತುಂಡುತುಂಡಾಗಿ ಇಳಿಯುತ್ತದೆ. ಅದಕ್ಕಿಂತ ಹೊಸ ಲ್ಯಾಪ್‌ಟಾಪ್‌ಗೂ ಆ್ಯಪ್ ಹಾಕಿ, ಅದು ತೋರಿಸುವ ಡ್ರೈವ್‌ನಲ್ಲಿ Other computers ಫೋಲ್ಡರ್ ತೆರೆದು ಅಲ್ಲಿಂದ ನಕಲು ಮಾಡಿಕೊಳ್ಳುವುದು ನೆಮ್ಮದಿ. ಹಳೆಯ ಲ್ಯಾಪ್‌ಟಾಪ್‌ನ ಹೆಸರು ಮೊದಲೇ ಗೊತ್ತಿದ್ದರೆ ಹುಡುಕಾಟ ತಪ್ಪುತ್ತದೆ.

ಫೈಲ್ ಹಿಸ್ಟರಿಯ ಡಿಸ್ಕನ್ನು ಯಾವ ಕಂಪ್ಯೂಟರ್‌ಗೆ ಚುಚ್ಚಿದರೂ FileHistory ಎಂಬ ಫೋಲ್ಡರ್ ಕಾಣುತ್ತದೆ. ಒಳಗೆ ಹೋದರೆ ಫೈಲ್‌ಗಳು ಮಾಮೂಲಿ ಫೈಲ್‌ಗಳಾಗಿಯೇ ಇರುತ್ತವೆ, ಹೆಸರಿನ ಪಕ್ಕ ತಾರೀಖು, ಸಮಯ ಮಾತ್ರ ಅಂಟಿರುತ್ತದೆ. ಯಾವ ಸಾಫ್ಟ್‌ವೇರೂ ಬೇಡ, ನೆಟ್ಟೂ ಬೇಡ, ಪಾಸ್‌ವರ್ಡ್ ಮರೆತರೂ ಚಿಂತೆಯಿಲ್ಲ. ಅದೇ ಕಾರಣಕ್ಕೆ ಡಿಸ್ಕ್ ಕಳ್ಳರ ಕೈಗೆ ಸಿಕ್ಕರೆ ಅವರಿಗೂ ತೆರೆಯುತ್ತದೆ. ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಡಿಸ್ಕ್ ಇಟ್ಟುಕೊಂಡು ಓಡಾಡಬೇಡಿ, ಬ್ಯಾಗ್ ಹೋದರೆ ಎರಡೂ ಹೋಗುತ್ತವೆ. ಇನ್ನೊಂದು ಮಿತಿ ಇದೆ. ಡಿಸ್ಕ್ ಚುಚ್ಚಿರದ ದಿನಗಳಲ್ಲಿ ಹೊಸ ಪ್ರತಿಗಳನ್ನು ಲ್ಯಾಪ್‌ಟಾಪ್‌ನೊಳಗೇ ತಾತ್ಕಾಲಿಕವಾಗಿ ಇಟ್ಟುಕೊಂಡಿರುತ್ತದೆ. ಅಷ್ಟರಲ್ಲಿ ಲ್ಯಾಪ್‌ಟಾಪ್ ಸತ್ತರೆ ಆ ದಿನಗಳ ಕೆಲಸ ಅದರ ಜೊತೆಗೇ ಹೋಯಿತು.

ಮೂರೂ ಸದ್ದಿಲ್ಲದೆ ನಿಂತುಹೋಗಬಲ್ಲವು. ಒನ್‌ಡ್ರೈವ್‌ನಲ್ಲಿ ಉಚಿತ ಜಾಗ 5 ಜಿಬಿ. ತುಂಬಿದರೆ ಹೊಸದು ಏರುವುದಿಲ್ಲ. ಗೂಗಲ್‌ನಲ್ಲಿ 15 ಜಿಬಿ, ಆದರೆ ಅದರಲ್ಲಿ ಜಿಮೇಲ್ ಮತ್ತು ಫೋನಿನ ಫೋಟೋಗಳಿಗೂ ಪಾಲಿದೆ. ಫೋನಿನ ವಿಡಿಯೋ ತುಂಬಿಕೊಂಡರೆ ಲ್ಯಾಪ್‌ಟಾಪ್‌ನ ಬ್ಯಾಕಪ್ ನಿಲ್ಲುತ್ತದೆ. ಫೋನಿನ ಹಾಟ್‌ಸ್ಪಾಟ್ ಮೇಲೆ ಕೆಲಸ ಮಾಡುವವರು ಇನ್ನೊಂದನ್ನು ನೋಡಬೇಕು. ವಿಂಡೋಸ್ ಆ ನೆಟ್‌ವರ್ಕನ್ನು ಮೀಟರ್ಡ್, ಅಂದರೆ ಡೇಟಾ ಮಿತಿ ಇರುವ ನೆಟ್, ಎಂದು ಗುರುತಿಸಿದ್ದರೆ ಒನ್‌ಡ್ರೈವ್ ಸಿಂಕ್ ನಿಲ್ಲಿಸುತ್ತದೆ. ಬ್ಯಾಟರಿ ಸೇವರ್ ಆನ್ ಆದಾಗಲೂ ಹಾಗೆಯೇ. ಟಾಸ್ಕ್‌ಬಾರ್‌ನ ಮೋಡದ ಗುರುತಿನ ಮೇಲೆ ಎರಡು ಗೆರೆ ಕಂಡರೆ ಅದು ನಿಂತಿದೆ. ಮೊದಲ ಬಾರಿ ಎಲ್ಲವೂ ಏರುವಾಗ ಮಾತ್ರ ಒಳ್ಳೆಯ ವೈಫೈ ಹತ್ತಿರ ಕೂರಿ. ಅಪ್‌ಲೋಡ್ ವೇಗ 10 ಎಂಬಿಪಿಎಸ್ ಇದ್ದರೆ 4 ಜಿಬಿಗೆ ಹತ್ತಿರಹತ್ತಿರ ಒಂದು ಗಂಟೆ ಬೇಕು. ಆಮೇಲೆ ದಿನಕ್ಕೆ ಏರುವುದು ಬದಲಾದ ಫೈಲ್‌ಗಳಷ್ಟೇ.

ಈ ಎರಡು ಫೋಲ್ಡರ್‌ನ ಹೊರಗೆ ಕೂತಿರುವ ಮುಖ್ಯ ಸಾಮಾನೂ ಇರುತ್ತದೆ. ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇದು ನೇರವಾಗಿ ತಟ್ಟುತ್ತದೆ. ನುಡಿ ಅಥವಾ ಬರಹದ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪ್ ಮಾಡಿದ ವರ್ಡ್ ಫೈಲ್ ಹೊಸ ಲ್ಯಾಪ್‌ಟಾಪ್‌ಗೆ ಸರಿಯಾಗಿ ಬಂದರೂ, ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಫೈಲ್ ಕೆಟ್ಟಿಲ್ಲ, ಫಾಂಟ್ ಇಲ್ಲ ಅಷ್ಟೇ. ಫಾಂಟ್ ಇರುವುದು C:\Windows\Fonts ನಲ್ಲಿ, ಅಲ್ಲಿಗೆ ಯಾವ ಬ್ಯಾಕಪ್ಪೂ ತಾನಾಗಿ ಹೋಗುವುದಿಲ್ಲ. ಆ ಫಾಂಟ್ ಫೈಲ್‌ಗಳ ಒಂದು ಪ್ರತಿಯನ್ನು ಡಾಕ್ಯುಮೆಂಟ್ಸ್‌ನಲ್ಲಿ ಇಟ್ಟರೆ ಅವೂ ಜೊತೆಗೆ ಉಳಿಯುತ್ತವೆ. ಟ್ಯಾಲಿ ಬಳಸುವ ಅಂಗಡಿಯವರೂ ಗಮನಿಸಿ. ಟ್ಯಾಲಿಪ್ರೈಮ್‌ನ ಲೆಕ್ಕ ಸಾಮಾನ್ಯವಾಗಿ C:\Users\Public ಕೆಳಗೆ ಇರುತ್ತದೆ, ಡಾಕ್ಯುಮೆಂಟ್ಸ್‌ನಲ್ಲಿ ಅಲ್ಲ. ಟ್ಯಾಲಿಯೊಳಗಿನ ಬ್ಯಾಕಪ್ ತೆಗೆದು, ಅದನ್ನು ಡಾಕ್ಯುಮೆಂಟ್ಸ್‌ಗೆ ಸೇವ್ ಮಾಡುವ ರೂಢಿ ಇಟ್ಟುಕೊಳ್ಳಿ.

ನನ್ನ ಆಯ್ಕೆ ಹೀಗಿದೆ. ಎರಡೂ ಫೋಲ್ಡರ್ ಸೇರಿ 5 ಜಿಬಿಗಿಂತ ಕಡಿಮೆ ಇದ್ದರೆ, ಅಥವಾ ಮೈಕ್ರೋಸಾಫ್ಟ್ 365 ಮೊದಲೇ ಕೊಂಡಿದ್ದರೆ, ಒನ್‌ಡ್ರೈವ್. ಲ್ಯಾಪ್‌ಟಾಪ್ ಹೋದ ದಿನ ಅಷ್ಟು ಬೇಗ ಕೆಲಸಕ್ಕೆ ಮರಳಿಸುವುದು ಬೇರೊಂದಿಲ್ಲ. ಅದಕ್ಕಿಂತ ಜಾಸ್ತಿ ಇದ್ದರೆ, ಅಥವಾ ಫೋಲ್ಡರ್‌ನ ವಿಳಾಸ ಬದಲಾಗಬಾರದು ಎಂದರೆ, ಗೂಗಲ್ ಡ್ರೈವ್. ಎರಡನ್ನೂ ಒಂದೇ ಫೋಲ್ಡರ್‌ಗೆ ಹಾಕಬೇಡಿ. ಇವುಗಳಲ್ಲಿ ಯಾವುದಾದರೂ ಒಂದರ ಜೊತೆಗೆ ಫೈಲ್ ಹಿಸ್ಟರಿ ಇರಲಿ. ವಾರಕ್ಕೊಮ್ಮೆ ಡಿಸ್ಕ್ ಚುಚ್ಚಿ, Run now ಒತ್ತಿ, ಮುಗಿದ ಮೇಲೆ ತೆಗೆದಿಡಿ. ಸದಾ ಚುಚ್ಚಿಯೇ ಇಟ್ಟರೆ, ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಬಂದಾಗ ಡಿಸ್ಕ್ ಕೂಡ ಸಿಕ್ಕಿಬೀಳುತ್ತದೆ. ಒನ್‌ಡ್ರೈವ್ ಜೊತೆ ಇದನ್ನು ಸೇರಿಸುವವರು ಎರಡೂ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ Always keep on this device ಆರಿಸಿರಬೇಕು. ಮೋಡದ ಗುರುತಿನಲ್ಲೇ ಉಳಿದ ಫೈಲ್ ಲ್ಯಾಪ್‌ಟಾಪ್‌ನಲ್ಲಿ ಇಲ್ಲವಾದ್ದರಿಂದ ಫೈಲ್ ಹಿಸ್ಟರಿ ಅದನ್ನು ನಕಲು ಮಾಡುವುದಿಲ್ಲ.

ಬ್ಯಾಕಪ್ ನಡೆಯುತ್ತಿದೆಯೇ ಎಂದು ತಿಳಿಯಲು ಲ್ಯಾಪ್‌ಟಾಪ್ ನೋಡಬೇಡಿ, ಫೋನ್ ನೋಡಿ. ಇವತ್ತು ಡೆಸ್ಕ್‌ಟಾಪ್‌ನಲ್ಲಿ ಸೇವ್ ಮಾಡಿದ ಒಂದು ಫೈಲ್ ಅನ್ನು ಸಂಜೆ ಫೋನಿನ ಒನ್‌ಡ್ರೈವ್ ಅಥವಾ ಗೂಗಲ್ ಡ್ರೈವ್ ಆ್ಯಪ್‌ನಲ್ಲಿ ತೆರೆಯಿರಿ. ಕೊನೆಯ ಸಾಲು ಕಂಡರೆ ಸರಿಯಿದೆ. ಕಾಣದಿದ್ದರೆ ಮೊದಲು ಉಳಿದಿರುವ ಜಾಗ, ಆಮೇಲೆ ನಿಂತಿರುವ ಸಿಂಕ್, ಕೊನೆಗೆ ಲಾಗೌಟ್ ಆದ ಖಾತೆ, ಈ ಸಾಲಿನಲ್ಲಿ ಹುಡುಕಿ.