ಕನ್ಫರ್ಮೇಷನ್ ಲೆಟರ್ ತಡವಾದರೆ ಸುಮ್ನೆ ಕೂರಬೇಡಿ, ಹಳೇ ತಾರೀಖಿನ ಕಾಗದಕ್ಕೆ ಸೈನ್ ಹಾಕಲೇಬೇಡಿ

ಇದನ್ನು ಬರೆಯೋಕೆ ನಾಚಿಕೆ ಆಗ್ತಿದೆ. ಹತ್ತು ವರ್ಷ ಅಕೌಂಟ್ಸ್ ಕೆಲಸ ಮಾಡಿದವಳು ನಾನು. ಬಿಲ್ಲಿನಲ್ಲಿ ತಾರೀಖು ತಪ್ಪಿದ್ದರೆ ವೆಂಡರ್‌ಗೆ ವಾಪಸ್ ಕಳಿಸುವವಳು. ನನ್ನದೇ ಕೆಲಸದ ಕಾಗದದಲ್ಲಿ ಎರಡೂವರೆ ತಿಂಗಳು ಹಿಂದಿನ ತಾರೀಖು ಕಣ್ಣಿಗೆ ಬಿತ್ತು. ನೋಡಿಯೂ ಸೈನ್ ಹಾಕಿದೆ.

ಮೊದಲಿನಿಂದ ಹೇಳುತ್ತೇನೆ. ಬೆಂಗಳೂರಿನಲ್ಲಿ ಒಂದು ಡಿಸ್ಟ್ರಿಬ್ಯೂಷನ್ ಕಂಪನಿ, ಹೆಸರು ಹಾಕಲ್ಲ. 2024ರ ಜೂನ್ 10ಕ್ಕೆ ಸೇರಿದೆ. ತಿಂಗಳಿಗೆ 34,000. ಆರು ತಿಂಗಳು ಪ್ರೊಬೇಷನ್. ಆಗ ತೆಗೆದರೆ 15 ದಿನ ನೋಟಿಸ್, ಕನ್ಫರ್ಮ್ ಆದಮೇಲೆ 60 ದಿನ. ಅಪ್ಪ ಅಮ್ಮನಿಗೆ ಆರೋಗ್ಯ ವಿಮೆ, ವರ್ಷದ ಇನ್ಕ್ರಿಮೆಂಟ್, ಎಲ್ಲಾ ಕನ್ಫರ್ಮ್ ಆದಮೇಲೆ. ಎಲ್ಲಾ ಕಡೆ ಇರೋದೇ ಇದು. ನಾನೂ ಹಾಗೇ ಅಂದುಕೊಂಡು ಅಪಾಯಿಂಟ್‌ಮೆಂಟ್ ಲೆಟರಿನ ಆ ಪ್ಯಾರಾ ಪೂರ್ತಿ ಓದಲಿಲ್ಲ.

ಅದರಲ್ಲಿ ಎರಡು ಸಾಲು ಇತ್ತು. ಒಂದು, ಬೇಕಾದರೆ ಪ್ರೊಬೇಷನ್ ಅನ್ನು ಲಿಖಿತವಾಗಿ ತಿಳಿಸಿ ಮೂರು ತಿಂಗಳವರೆಗೆ ಮುಂದುವರಿಸಬಹುದು. ಇನ್ನೊಂದು, ಲಿಖಿತವಾಗಿ ಕನ್ಫರ್ಮ್ ಮಾಡುವ ತನಕ ನೀವು ಪ್ರೊಬೇಷನ್‌ನಲ್ಲೇ ಇದ್ದೀರಿ ಎಂದು ಪರಿಗಣಿಸಲಾಗುತ್ತದೆ. ಈ ಎರಡನೇ ಸಾಲೇ ನನ್ನ ಕುತ್ತಿಗೆಗೆ ಬಂತು. ನಿಮ್ಮ ಲೆಟರ್ ತೆಗೆದು ಈಗಲೇ ನೋಡಿ, ಅಂಥ ಸಾಲು ಇದೆಯಾ ಅಂತ.

ಡಿಸೆಂಬರ್ 9ಕ್ಕೆ ಆರು ತಿಂಗಳು ಮುಗಿಯಿತು. ಯಾರೂ ಏನೂ ಹೇಳಲಿಲ್ಲ. ಒಂದು ವಾರ ಬಿಟ್ಟು ಎಚ್‌ಆರ್ ಮೇಡಂ ಹತ್ತಿರ ಹೋಗಿ ಕೇಳಿದೆ.

"ಎಲ್ಲರದ್ದೂ ಒಟ್ಟಿಗೆ ಬರುತ್ತೆ ಮೇಡಂ, ಟೆನ್ಷನ್ ಬೇಡ" ಅಂದರು.

ಜನವರಿ ಮೊದಲ ವಾರ ಮೇಲ್ ಹಾಕಿದೆ. ಉತ್ತರ ಒಂದೇ ಸಾಲು: ನಿಮ್ಮ ಕನ್ಫರ್ಮೇಷನ್ ಪ್ರೊಸೆಸ್‌ನಲ್ಲಿದೆ. ಈ ಸಾಲು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಅದೇ ತಿಂಗಳು ನನಗೆ ಇನ್ನೊಂದು ಕಡೆಯಿಂದ 40,000ಕ್ಕೆ ಆಫರ್ ಬಂತು. ಹದಿನೈದು ದಿನದಲ್ಲಿ ಸೇರಬೇಕು ಅಂದರು. ಪ್ರೊಬೇಷನ್‌ನಲ್ಲಿದ್ದರೆ ನನ್ನ ನೋಟಿಸ್ 15 ದಿನ, ಸರಿಹೋಗುತ್ತಿತ್ತು. ಮುಚ್ಚಿಡೋದು ಬೇಡ ಅಂತ ಮ್ಯಾನೇಜರ್‌ಗೆ ಹೇಳಿದೆ.

"ಏನ್ರೀ ನೀವು, ನೀವು ಕನ್ಫರ್ಮ್ ಆಗಿದ್ದೀರ. ಲೆಟರ್ ಸುಮ್ನೆ ಫಾರ್ಮಾಲಿಟಿ. ಹೋಗೋದಾದ್ರೆ ಅರವತ್ತು ದಿನ ನೋಟಿಸ್ ಕೊಡಬೇಕಾಗುತ್ತೆ" ಅಂದರು.

ನಂಬಿದೆ. ಒಳಗೊಳಗೇ ಖುಷಿಯೂ ಆಯಿತು, ಕನ್ಫರ್ಮ್ ಅಂದರಲ್ಲಾ ಅಂತ. ಆ ಆಫರ್ ಬಿಟ್ಟೆ. ಊರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದೆ, ಕಣ್ಣಿನ ಪೊರೆ ಆಪರೇಷನ್ ಇನ್ನೊಂದೆರಡು ತಿಂಗಳು ತಡಿ, ವಿಮೆಯಲ್ಲಿ ಮಾಡಿಸೋಣ ಅಂತ. ಅಮ್ಮ "ಆಯ್ತು ಮಗಳೇ" ಅಂದಳು. ಈಗಲೂ ಆ ಮಾತು ನೆನೆದರೆ ಹೊಟ್ಟೆ ಉರಿಯುತ್ತೆ.

ನೋಡಿ, ನಾನು ಬಿಟ್ಟು ಹೋಗುತ್ತೇನೆ ಅಂದಾಗ ಕನ್ಫರ್ಮ್ ಆದವಳು. ಅವರು ತೆಗೆಯುವಾಗ ಪ್ರೊಬೇಷನ್‌ನವಳು. ಒಬ್ಬಳೇ ಮನುಷ್ಯಳು, ಒಂದೇ ಕುರ್ಚಿ.

ಫೆಬ್ರವರಿ 20, ಗುರುವಾರ. ಸಂಜೆ ಐದೂವರೆ ಆಗಿತ್ತು. ಬ್ಯಾಗ್ ಹಾಕಿಕೊಂಡು ಹೊರಡುತ್ತಿದ್ದೆ. ಎಚ್‌ಆರ್ ಮೇಡಂ ಕರೆದರು. "ನಿಮ್ಮ ಫೈಲ್‌ನಲ್ಲಿ ಒಂದು ಪೇಪರ್ ಮಿಸ್ ಆಗಿತ್ತು, ಒಂದು ಸೈನ್ ಹಾಕಿಬಿಡಿ" ಅಂದರು. ಪ್ರಿಂಟರ್‌ನಿಂದ ಆಗ ತಾನೇ ಹೊರಬಂದ ಹಾಳೆ. ಕೈಗೆ ಬಿಸಿ ತಾಗಿತು. ಮೇಲ್ಗಡೆ ತಾರೀಖು ಡಿಸೆಂಬರ್ 6, 2024. ಪ್ರೊಬೇಷನ್ ಅನ್ನು ಮಾರ್ಚ್ 9ರವರೆಗೆ ಮೂರು ತಿಂಗಳು ಮುಂದುವರಿಸಲಾಗಿದೆ ಅಂತ.

"ಮೇಡಂ, ಇದು ಡಿಸೆಂಬರ್ ತಾರೀಖು ಅಲ್ವಾ?" ಅಂದೆ.

"ಹೌದು, ಆಗಲೇ ರೆಡಿ ಆಗಿತ್ತು, ನಿಮಗೆ ಕೊಡೋದು ಮರೆತಿದ್ವಿ. ಆಡಿಟ್‌ಗೆ ಬೇಕು ಅಷ್ಟೇ. ಮಾರ್ಚ್‌ನಲ್ಲಿ ಕನ್ಫರ್ಮೇಷನ್ ಕೊಡ್ತೀವಲ್ಲಾ."

ಬಿಸಿ ಹಾಳೆ ಕೈಯಲ್ಲಿದೆ. ಆಗಲೇ ರೆಡಿ ಆಗಿತ್ತು ಅಂತಾರೆ. ಗೊತ್ತಾಗಿದೆ, ಪೂರ್ತಿ ಗೊತ್ತಾಗಿದೆ ನನಗೆ. ಆದರೂ ಅವರ ಎದುರು ನಿಂತು "ಇಲ್ಲ" ಅನ್ನೋಕೆ ಬಾಯಿ ಬರಲಿಲ್ಲ. ಸೈನ್ ಹಾಕಿದೆ. ಸೈನ್ ಕೆಳಗೆ ತಾರೀಖು ಬರೆಯಲು ಹೋದೆ. "ತಾರೀಖು ಬೇಡ ಮೇಡಂ, ಮೇಲೆ ಇದೆಯಲ್ಲಾ" ಅಂದರು. ಪೆನ್ ಎತ್ತಿಬಿಟ್ಟೆ. ಕಾಪಿ ಕೇಳಿದೆ, ನಾಳೆ ಸ್ಕ್ಯಾನ್ ಕಳಿಸ್ತೀನಿ ಅಂದರು. ಕಳಿಸಲಿಲ್ಲ.

ಮಾರ್ಚ್ 7, ಶುಕ್ರವಾರ. ಮೀಟಿಂಗ್ ರೂಮಿಗೆ ಕರೆದರು. ನಿಮ್ಮ ಪರ್ಫಾರ್ಮೆನ್ಸ್ ಸಮಾಧಾನಕರವಾಗಿಲ್ಲ, ಪ್ರೊಬೇಷನ್‌ನಲ್ಲಿ ಇರೋದರಿಂದ 15 ದಿನದ ಸಂಬಳ ಕೊಟ್ಟು ಇವತ್ತೇ ಬಿಡುಗಡೆ ಅಂದರು. ಅಲ್ಲಿಯವರೆಗೆ ಒಂದು ದಿನವೂ ನನ್ನ ಕೆಲಸದ ಬಗ್ಗೆ ತಕರಾರು ಬರೆದು ಕೊಟ್ಟವರಿಲ್ಲ.

"ಸರ್, ಕನ್ಫರ್ಮ್ ಆಗಿದೆ ಅಂತ ನೀವೇ ಹೇಳಿದ್ರಿ" ಅಂತ ಮ್ಯಾನೇಜರ್ ಮುಖ ನೋಡಿದೆ.

"ನಾನು ಹಾಗೆ ಹೇಳಿಲ್ಲ, ಆಗುತ್ತೆ ಅಂದಿದ್ದೆ."

ಎಚ್‌ಆರ್ ಮೇಡಂ ಫೈಲ್ ತೆರೆದು ಆ ಹಾಳೆ ನನ್ನ ಕಡೆ ತಿರುಗಿಸಿದರು. "ನೀವೇ ಸೈನ್ ಮಾಡಿದ್ದೀರಲ್ಲಾ ಮೇಡಂ."

ಅಷ್ಟೇ. ನೀವೇ ಸೈನ್ ಮಾಡಿದ್ದೀರಲ್ಲಾ. ರಾತ್ರಿ ಎಲ್ಲಾ ಅದೇ ಮಾತು ಕಿವಿಯಲ್ಲಿ. ನಾಲ್ಕು ಗಂಟೆಗೇ ನನ್ನ ಆಫೀಸ್ ಮೇಲ್ ಬಂದ್ ಆಗಿತ್ತು, ನಾನು ಹಾಕಿದ ಮೇಲ್, ಅವರ ಉತ್ತರ ಎಲ್ಲಾ ಅದರೊಳಗೆ. ಪುಣ್ಯಕ್ಕೆ ಜನವರಿಯಲ್ಲಿ ಆ "ಪ್ರೊಸೆಸ್‌ನಲ್ಲಿದೆ" ಉತ್ತರದ ಫೋಟೋ ತೆಗೆದು ಅಮ್ಮನಿಗೆ ವಾಟ್ಸಾಪ್‌ನಲ್ಲಿ ಕಳಿಸಿದ್ದೆ, ಖುಷಿಗೆ. ಅದೊಂದು ಉಳಿಯಿತು.

ಹಾಸನದಲ್ಲಿ ನಮ್ಮ ದೊಡ್ಡಪ್ಪನ ಮಗ ವಕೀಲ. ಮರುದಿನ ಫೋನ್‌ನಲ್ಲಿ ಅತ್ತುಕೊಂಡೇ ಎಲ್ಲಾ ಹೇಳಿದೆ. ನಾನು ಲೆಟರ್, ಲೆಟರ್ ಅಂತಿದ್ದೆ. ಅಣ್ಣ ತಡೆದ. "ಲೆಟರ್ ಆಮೇಲೆ. ಒಟ್ಟು ಎಷ್ಟು ತಿಂಗಳು ಕೆಲಸ ಮಾಡಿದ್ದೀಯ?"

"ಒಂಬತ್ತು ತಿಂಗಳಿಗೆ ಎರಡು ಮೂರು ದಿನ ಕಮ್ಮಿ."

ಆಗ ಅವನು ಹೇಳಿದ್ದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಕರ್ನಾಟಕದ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಅಂತ 1961ರದ್ದು ಒಂದಿದೆ. ನಮ್ಮಂಥ ಆಫೀಸುಗಳು ಅದರೊಳಗೆ ಬರುತ್ತವೆ. ಅದರ 39ನೇ ಸೆಕ್ಷನ್ ಪ್ರಕಾರ, ಒಬ್ಬರು ಬಿಡದೆ ಆರು ತಿಂಗಳು ಕೆಲಸ ಮಾಡಿದ್ದರೆ ಅವರನ್ನು ಸರಿಯಾದ ಕಾರಣ ಇಲ್ಲದೆ ತೆಗೆಯುವಂತಿಲ್ಲ. ತೆಗೆದರೂ ಒಂದು ತಿಂಗಳ ನೋಟಿಸ್, ಇಲ್ಲವೇ ಒಂದು ತಿಂಗಳ ಸಂಬಳ ಕೊಡಬೇಕು. ಅಲ್ಲಿ ಎಣಿಸುವುದು ಕೆಲಸ ಮಾಡಿದ ತಿಂಗಳುಗಳನ್ನು. ಕನ್ಫರ್ಮೇಷನ್ ಲೆಟರ್ ಇದೆಯಾ ಅಂತ ಅಲ್ಲ. ದುರ್ನಡತೆ ಅಂತ ವಿಚಾರಣೆ ಮಾಡಿ ತೆಗೆದರೆ ಆ ನೋಟಿಸ್ ಬೇಕಿಲ್ಲ. ನನ್ನ ಮೇಲೆ ಅಂಥ ಮಾತೇ ಇರಲಿಲ್ಲ. ಮ್ಯಾನೇಜ್‌ಮೆಂಟ್ ಹುದ್ದೆಯಲ್ಲಿ ಇರುವವರು ಈ ಕಾಯ್ದೆಗೆ ಬರಲ್ಲ, ಅದೂ ತಿಳಿದಿರಲಿ.

"ಹಾಗಾದ್ರೆ ಡಿಸೆಂಬರ್ ದಾಟಿದ ಮೇಲೆ ನಾನು ತಾನಾಗೇ ಕನ್ಫರ್ಮ್ ಅಲ್ವಾ ಅಣ್ಣ?" ಅಂತ ಕೇಳಿದೆ. ಎಲ್ಲರೂ ಹೀಗೇ ಅಂದುಕೊಂಡಿರುತ್ತೇವೆ.

ಇಲ್ಲ ಅಂದ. ತಾರೀಖು ದಾಟಿದ ಮಾತ್ರಕ್ಕೆ ಯಾರೂ ಕನ್ಫರ್ಮ್ ಆಗಲ್ಲ. 1968ರಲ್ಲಿ ಸುಪ್ರೀಂ ಕೋರ್ಟ್ ಪಂಜಾಬಿನ ಧರಮ್ ಸಿಂಗ್ ಕೇಸಿನಲ್ಲಿ ಕನ್ಫರ್ಮ್ ಆದಂತೆಯೇ ಅಂದಿತ್ತು. ಆದರೆ ಅದು ಸರ್ಕಾರಿ ನೌಕರಿ. ಅಲ್ಲಿನ ನಿಯಮದಲ್ಲಿ ಪ್ರೊಬೇಷನ್ ಇಷ್ಟು ವರ್ಷಕ್ಕಿಂತ ಜಾಸ್ತಿ ಮಾಡುವಂತಿಲ್ಲ ಅಂತ ಮಿತಿ ಇತ್ತು, ಅದನ್ನು ದಾಟಿ ಕೆಲಸದಲ್ಲಿ ಇಟ್ಟುಕೊಂಡಿದ್ದರು. ನನ್ನ ಲೆಟರಿನಲ್ಲಿ ಮೂರು ತಿಂಗಳ ಮಿತಿಯೂ ಇದೆ, ಲಿಖಿತವಾಗಿ ಕನ್ಫರ್ಮ್ ಮಾಡುವ ತನಕ ಪ್ರೊಬೇಷನ್ ಅನ್ನುವ ಸಾಲೂ ಇದೆ. ಅವರು ಎರಡನೆಯದನ್ನು ಹಿಡಿದುಕೊಳ್ಳುತ್ತಾರೆ. ಮೇಲಿಂದ ಮಾರ್ಚ್ 9 ಬರೋಕೆ ಎರಡು ದಿನ ಮುಂಚೆ ತೆಗೆದಿದ್ದಾರೆ. ಎರಡೇ ದಿನ! ಲೆಕ್ಕ ಹಾಕಿಯೇ ಮಾಡಿದ್ದು.

ಅಣ್ಣ ಹೇಳಿಕೊಟ್ಟಂತೆ ನನ್ನ ಸ್ವಂತ ಮೇಲ್‌ನಿಂದ ಬರೆದೆ. ಅಷ್ಟು ದಿನ ಕೆಲಸ ಮಾಡಿದ್ದೇನೆ, 39ನೇ ಸೆಕ್ಷನ್ ಪ್ರಕಾರ ಒಂದು ತಿಂಗಳ ಸಂಬಳ ಬರಬೇಕು. ಡಿಸೆಂಬರ್ 6ರ ತಾರೀಖಿನ ಕಾಗದ ನನಗೆ ಕೊಟ್ಟದ್ದು ಫೆಬ್ರವರಿ 20ಕ್ಕೆ. ಡಿಸೆಂಬರ್‌ನಲ್ಲೇ ಮುಂದುವರಿಸಿದ್ದರೆ ಜನವರಿಯಲ್ಲಿ ನಿಮ್ಮ ಎಚ್‌ಆರ್ "ಕನ್ಫರ್ಮೇಷನ್ ಪ್ರೊಸೆಸ್‌ನಲ್ಲಿದೆ" ಅಂತ ಯಾಕೆ ಬರೆದರು? ಫೋಟೋ ಲಗತ್ತಿಸಿದೆ. ಉತ್ತರ ಬರದಿದ್ದರೆ ಕಾರ್ಮಿಕ ಇಲಾಖೆಗೆ ಅಪೀಲು ಹಾಕುತ್ತೇನೆ ಅಂತಲೂ ಹಾಕಿದೆ.

ಮೊದಲ ಉತ್ತರ: "ನೀವು ಸೈನ್ ಮಾಡಿದ್ದೀರಿ." ಮತ್ತೆ ಅದೇ. ನಾನೂ ಮತ್ತೆ ಅದನ್ನೇ ಬರೆದೆ. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗಿ ವಿಚಾರಿಸಿಯೂ ಬಂದೆ. ಅಪೀಲಿಗೆ ಕಾಲಮಿತಿ ಇರುತ್ತೆ, ತಿಂಗಳುಗಟ್ಟಲೆ ಯೋಚಿಸುತ್ತಾ ಕೂತರೆ ಕೈತಪ್ಪುತ್ತೆ. ಮೂರನೇ ಮೇಲ್‌ಗೆ ಅವರು ಇಳಿದರು. 17,000 ಕೊಟ್ಟಿದ್ದ ಕಡೆ ಪೂರ್ತಿ 34,000 ಆಯಿತು. ಎಕ್ಸ್‌ಪೀರಿಯೆನ್ಸ್ ಲೆಟರಿನಲ್ಲಿ ಪರ್ಫಾರ್ಮೆನ್ಸ್ ಮಾತು ತೆಗೆಸಿದೆ. ಕೆಲಸ ವಾಪಸ್ ಸಿಗಲಿಲ್ಲ, ಕೇಳಲೂ ಇಲ್ಲ. ಆ 40,000ದ ಆಫರ್ ಹೋಗಿದ್ದು ಹೋಯಿತು. ಅಮ್ಮನ ಆಪರೇಷನ್ ಕೈಯಿಂದ ದುಡ್ಡು ಹಾಕಿ ಮಾಡಿಸಿದ್ದಾಯಿತು.

ನಿಮ್ಮ ಪ್ರೊಬೇಷನ್ ಮುಗಿದ ಮರುದಿನವೇ ಒಂದು ಮೇಲ್ ಹಾಕಿ. ಇಂಥ ದಿನ ನನ್ನ ಅವಧಿ ಮುಗಿದಿದೆ, ಮುಂದುವರಿಸಿದ ಬಗ್ಗೆ ನನಗೆ ಯಾವ ಕಾಗದವೂ ಬಂದಿಲ್ಲ, ನನ್ನ ಸ್ಥಿತಿ ಏನು ಅಂತ ತಿಳಿಸಿ. ಇಷ್ಟೇ ಸಾಕು. ಬಂದ ಉತ್ತರದ ಫೋಟೋ ತೆಗೆದು ಇಟ್ಟುಕೊಳ್ಳಿ. ಬಾಯಿಮಾತಿನಲ್ಲಿ ಕನ್ಫರ್ಮ್ ಅಂದರೆ, ಸೀಟಿಗೆ ಬಂದು "ನೀವು ಈಗ ಹೇಳಿದಂತೆ" ಅಂತ ಅವರಿಗೇ ಮೇಲ್ ಬರೆಯಿರಿ. ಮುಂದುವರಿಸಿದ ಕಾಗದ ಕೊಟ್ಟರೆ "ಇವತ್ತು ಕೈಗೆ ಬಂತು" ಅಂತ ನಿಮ್ಮ ಕೈಯಲ್ಲೇ ತಾರೀಖು ಬರೆದು ಸೈನ್ ಹಾಕಿ, ಅಲ್ಲೇ ಫೋಟೋ ತೆಗೆಯಿರಿ. ಬೇಡ ಅಂದರೆ ಸೈನ್ ಬೇಡ. ಎಷ್ಟೇ ನಗುನಗುತ್ತಾ ಕೇಳಲಿ, ಬೇಡ.

ನನ್ನ ಜೊತೆ ಅದೇ ಜೂನ್‌ನಲ್ಲಿ ಸೇರಿದ ಹುಡುಗಿ ಒಬ್ಬಳು ಅಲ್ಲೇ ಇದ್ದಾಳೆ. ಅವಳಿಗೂ ಲೆಟರ್ ಬಂದಿರಲಿಲ್ಲ. ನಾನು ಹೊರಬಿದ್ದ ಭಾನುವಾರ ಫೋನ್ ಮಾಡಿ ಎಲ್ಲಾ ಹೇಳಿದೆ. "ಅಕ್ಕಾ, ಕೇಳಿದ್ರೆ ನನ್ನನ್ನೂ ತೆಗೆದುಬಿಟ್ರೆ?" ಅಂದಳು. ಅರ್ಧ ಗಂಟೆ ಮಾತಾಡಿದೆವು. ಸೋಮವಾರ ಬೆಳಿಗ್ಗೆ ಮೇಲ್ ಹಾಕಿದಳು. ಬಂದ ಉತ್ತರ ಅದೇ, ಪ್ರೊಸೆಸ್‌ನಲ್ಲಿದೆ ಅಂತ. ಆದರೆ ತಾರೀಖಿನ ಸಮೇತ ಅದರ ಫೋಟೋ ಈಗ ಅವಳ ಫೋನಿನಲ್ಲಿದೆ, ನನ್ನ ಫೋನಿನಲ್ಲೂ ಇದೆ.