ಪ್ಲಸ್ ಮೊದಲೋ, ಮೈನಸ್ ಮೊದಲೋ? ಕಾರಿನ ಬ್ಯಾಟರಿ ಬದಲಿಸುವ ಮೂರು ರೀತಿ

ಕಾರವಾರದ ಉಪ್ಪುಗಾಳಿಗೆ ಬ್ಯಾಟರಿಯ ಟರ್ಮಿನಲ್ ಮೇಲೆ ಬೇಗ ಹಸಿರು-ಬಿಳಿ ಕಿಲುಬು ಏಳುತ್ತದೆ. ನಟ್ಟು ಕಚ್ಚಿಕೊಳ್ಳುತ್ತದೆ. ಜೋರು ಹಾಕಿ ತಿರುಗಿಸಬೇಕು, ಜೋರು ಹಾಕಿದಾಗಲೇ ಸ್ಪ್ಯಾನರ್ ಜಾರುವುದು. ಜಾರಿದ ಸ್ಪ್ಯಾನರ್ ಕಾರಿನ ಬಾಡಿಗೆ ತಾಗಿದರೆ ಏನಾಗುತ್ತದೆ? ನಾನು ನೋಡಿದ ಮೂರು ರೀತಿಗಳನ್ನು ಇದೊಂದೇ ಪ್ರಶ್ನೆ ಇಟ್ಟುಕೊಂಡು ಹೋಲಿಸುತ್ತೇನೆ.

ಮೊದಲನೆಯದು, ಪ್ಲಸ್ ಮೊದಲು ಬಿಚ್ಚುವುದು. ಹಿಂದಿನ ಸಲ ಬ್ಯಾಟರಿ ಹಾಕಲು ಬಂದಿದ್ದ ಹುಡುಗ ಹೀಗೆ ಮಾಡಿದ. ಹತ್ತು ನಂಬರ್ ಸ್ಪ್ಯಾನರ್ ಪ್ಲಸ್ ನಟ್ಟಿನ ಮೇಲಿತ್ತು, ಅದರ ಬಾಲ ಬ್ಯಾಟರಿ ಹಿಡಿದಿಡುವ ಕಬ್ಬಿಣದ ಪಟ್ಟಿಗೆ ತಾಗಿತು. ಚಟಾರ್ ಅಂತ ಕಿಡಿ ಹಾರಿತು. ಆಮೇಲೆ ನೋಡಿದರೆ ಸ್ಪ್ಯಾನರಿನ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಕಬ್ಬಿಣ ಕರಗಿ ಹೋಗಿತ್ತು. ಬ್ಯಾಟರಿಯ ಮೈನಸ್ ದಪ್ಪ ಕೇಬಲಿನಲ್ಲಿ ಬಾಡಿಗೇ ಕಟ್ಟಿರುತ್ತದೆ. ಪ್ಲಸ್ಸಿಗೂ ಬಾಡಿಗೂ ನಡುವೆ ಸ್ಪ್ಯಾನರ್ ಬಂದರೆ ನೂರಾರು ಆಂಪಿಯರ್ ಅದರಲ್ಲೇ ಹರಿಯುತ್ತದೆ. ಬ್ಯಾಟರಿಯಿಂದ ಹೈಡ್ರೋಜನ್ ಬೇರೆ ಹೊರಬರುತ್ತಿರುತ್ತದೆ, ಆ ಕಿಡಿಗೆ ಬ್ಯಾಟರಿಯೇ ಸಿಡಿಯಬಹುದು.

ಎರಡನೆಯದು, ಮೈನಸ್ ಮೊದಲು. ಈ ಮಳೆಗಾಲಕ್ಕೆ ಮುಂಚೆ ನಾನೇ ಬದಲಿಸಿದೆ, ಪಕ್ಕದಲ್ಲಿ ಮಲ್ಟಿಮೀಟರ್ ಇಟ್ಟುಕೊಂಡು. ಕೀಲಿ ತೆಗೆದು ಜೇಬಿಗೆ ಹಾಕಿಕೊಂಡೆ. ಕೀಲಿ ಒಳಗಿದ್ದು ಬಾಗಿಲು ಲಾಕ್ ಆದರೆ ಕಷ್ಟ ಅಲ್ವಾ? ಬಾಗಿಲು ಮುಚ್ಚಿ ಹತ್ತು ನಿಮಿಷ ಬಿಟ್ಟೆ, ಒಳಗಿನ ಎಲೆಕ್ಟ್ರಾನಿಕ್ಸ್ ಎಲ್ಲಾ ಮಲಗಲಿ ಅಂತ. ಆಗ ಪ್ಲಸ್ಸಿಗೂ ಬಾಡಿಗೂ ಮೀಟರ್ ಹಿಡಿದರೆ 12.4 ವೋಲ್ಟ್ ಇತ್ತು. ಮೈನಸ್ ಕ್ಲಾಂಪ್ ತೆಗೆದು ಪಕ್ಕಕ್ಕೆ ಸರಿಸಿ ಮತ್ತೆ ಅಲ್ಲೇ ಹಿಡಿದೆ. ಅಂಕಿ ನಿಧಾನವಾಗಿ ಇಳಿಯುತ್ತಾ ಸೊನ್ನೆಯ ಹತ್ತಿರ ಬಂತು. ಈಗ ಪ್ಲಸ್ ನಟ್ಟು ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೂ ಏನೂ ಆಗುವುದಿಲ್ಲ, ಕರೆಂಟ್ ವಾಪಸ್ ಹೋಗಲು ದಾರಿಯೇ ಇಲ್ಲ. ಹೊಸದನ್ನು ಜೋಡಿಸುವಾಗ ಇದೇ ಕಾರಣಕ್ಕೆ ಉಲ್ಟಾ: ಪ್ಲಸ್ ಮೊದಲು, ಮೈನಸ್ ಕೊನೆಗೆ.

ನಷ್ಟ ಅಂದರೆ ಗಡಿಯಾರ 12:00ಕ್ಕೆ ಬಂತು. ಡ್ರೈವರ್ ಕಿಟಕಿ ಒಂದೇ ಒತ್ತಿಗೆ ಪೂರ್ತಿ ಏರುತ್ತಿರಲಿಲ್ಲ, ಗಾಜು ಮೇಲೆ ಮುಟ್ಟಿದ ಮೇಲೂ ಸ್ವಿಚ್ ಸ್ವಲ್ಪ ಹೊತ್ತು ಎಳೆದು ಹಿಡಿದಾಗ ಸರಿಯಾಯಿತು. ಇಂಜಿನ್ ಮೊದಲ ಕೆಲವು ನಿಮಿಷ ಏರಿಳಿದು ಆಮೇಲೆ ನೆಲೆಗೆ ಬಂತು. ಅಷ್ಟೇ.

ಮೂರನೆಯದು ಮೆಮೊರಿ ಸೇವರ್ ಇಟ್ಟುಕೊಂಡು ಮಾಡುವುದು, ಅಂದರೆ ಬ್ಯಾಟರಿ ತೆಗೆದಿರುವಾಗಲೂ ಬೇರೆ ಸಣ್ಣ ಬ್ಯಾಟರಿಯಿಂದ ಕಾರಿಗೆ ಕರೆಂಟ್ ಕೊಡುತ್ತಿರುವುದು. ಶಿರಸಿಯ ಭಾವನ ಕಾರಿನ ರೇಡಿಯೋ ಕರೆಂಟ್ ತಪ್ಪಿದರೆ ಕೋಡ್ ಕೇಳುವಂಥದ್ದು, ಕೋಡ್ ಬರೆದ ಚೀಟಿ ಕಳೆದುಹೋಗಿತ್ತು. ಹಾಗಾಗಿ ಯುಪಿಎಸ್‌ನ 7 ಆಂಪಿಯರ್-ಅವರ್ ಬ್ಯಾಟರಿಯನ್ನು ಫ್ಯೂಸ್ ಇರುವ ಕೇಬಲಿನಿಂದ ಸ್ಟೇರಿಂಗ್ ಕೆಳಗೆ ಮೆಕ್ಯಾನಿಕ್ ಸ್ಕ್ಯಾನರ್ ಚುಚ್ಚುವ ಒಬಿಡಿ ಪೋರ್ಟಿಗೆ ಕೊಟ್ಟೆವು. ಆ ಪೋರ್ಟಿನ 16ನೇ ಪಿನ್ ಪ್ಲಸ್, 4 ಮತ್ತು 5 ಅರ್ಥ್. ಇಲ್ಲೂ ಮೈನಸ್ಸನ್ನೇ ಮೊದಲು ತೆಗೆದೆ. ಆದರೆ ಎರಡೂ ಕ್ಲಾಂಪ್ ತೆಗೆದ ಮೇಲೂ ಪ್ಲಸ್ ಕ್ಲಾಂಪಿಗೂ ಬಾಡಿಗೂ ನಡುವೆ ಮೀಟರ್ 12.5 ತೋರಿಸಿತು! "ಬ್ಯಾಟರಿಯೇ ಇಲ್ಲ, ಕರೆಂಟ್ ಎಲ್ಲಿಂದ ಬಂತು ಮಾರಾಯಾ?" ಅಂದ ಭಾವ. ಸಣ್ಣ ಬ್ಯಾಟರಿಯ ಕರೆಂಟ್ ಪೋರ್ಟಿನಿಂದ ವೈರಿಂಗಿಗೆ ಹೋಗಿ ಈ ಕ್ಲಾಂಪಿನವರೆಗೂ ಬಂದಿರುತ್ತದೆ. ಅಂದರೆ ಕ್ರಮ ಸರಿಯಿದ್ದರೂ ಅದರ ರಕ್ಷಣೆ ಇಲ್ಲಿ ಸಿಗುವುದಿಲ್ಲ. ಕ್ಲಾಂಪ್ ಬಾಡಿಗೆ ತಾಗಿದರೆ ಫ್ಯೂಸ್ ಹೋಗುತ್ತದೆ, ಉಳಿಸಬೇಕೆಂದಿದ್ದ ಮೆಮೊರಿಯೂ ಹೋಗುತ್ತದೆ. ಹಳೇ ಸೈಕಲ್ ಟ್ಯೂಬಿನ ತುಂಡು ಕತ್ತರಿಸಿ ಕ್ಲಾಂಪಿಗೆ ಸುತ್ತಿದೆ, ಹೊಸ ಬ್ಯಾಟರಿ ಕೂರಿಸುವವರೆಗೂ ಬಿಚ್ಚಲಿಲ್ಲ. ರೇಡಿಯೋ ಕೋಡ್ ಕೇಳಲಿಲ್ಲ.

ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ಕಳಚುವ ನಾಲ್ಕನೇ ರೀತಿಯೂ ಇದೆ. ಅದನ್ನು ನಾನು ಮಾಡಿಲ್ಲ, ಮಾಡುವುದೂ ಇಲ್ಲ. ಆಲ್ಟರ್ನೇಟರಿನ ಕರೆಂಟ್ ಹಿಡಿದುಕೊಳ್ಳಲು ಬ್ಯಾಟರಿ ಇಲ್ಲದಿದ್ದರೆ ವೋಲ್ಟೇಜ್ ಕ್ಷಣಮಾತ್ರ ಹತ್ತಾರು ವೋಲ್ಟ್ ಜಿಗಿದು ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯು ಸುಡಬಹುದು.

ಸಾಮಾನ್ಯ ಕಾರಿಗೆ ನನ್ನ ಆಯ್ಕೆ ಎರಡನೆಯದೇ. ಗಡಿಯಾರ ಹೊಂದಿಸಲು ಒಂದು ನಿಮಿಷ ಸಾಕು, ಅದಕ್ಕಾಗಿ ಸುಮ್ನೆ ಕರೆಂಟ್ ಇರುವ ಕ್ಲಾಂಪಿನ ಜೊತೆ ಕೆಲಸ ಯಾಕೆ? ಕೋಡ್ ಇಲ್ಲದ ರೇಡಿಯೋ ಇದ್ದರೆ ಮಾತ್ರ ಮೂರನೆಯದು.

ಎರಡನೇ ರೀತಿಯಲ್ಲಿ ಕೊನೆಗೆ ಮೈನಸ್ ಕೂರಿಸುವಾಗ ಸೂಜಿಮೊನೆಯಷ್ಟು ಕಿಡಿ ಕಂಡರೆ ಹೆದರಬೇಡಿ. ಮೈನಸ್ ತೆಗೆದಾಗ ಮೀಟರಿನ ಅಂಕಿ ನಿಧಾನವಾಗಿ ಇಳಿದಿತ್ತಲ್ಲ, ಆಗ ಖಾಲಿಯಾದ ಕೆಪಾಸಿಟರ್‌ಗಳು ಈಗ ತುಂಬಿಕೊಳ್ಳುತ್ತವೆ. ಕಿಡಿ ದೊಡ್ಡದಿದ್ದರೆ ತಕ್ಷಣ ಕೈ ಹಿಂದೆ ತೆಗೆಯಿರಿ. ಹೆಡ್‌ಲೈಟ್ ಆನ್ ಇರಬಹುದು, ಇಲ್ಲವೇ ಪ್ಲಸ್-ಮೈನಸ್ ಅದಲುಬದಲಾಗಿರಬಹುದು. ಬ್ಯಾಟರಿಯ ಮೇಲಿನ + ಗುರುತು ನೋಡಿ. ಜೊತೆಗೆ ಕಂಬದ ದಪ್ಪವನ್ನೂ ನೋಡಿ, ಪ್ಲಸ್ಸಿನದು ಮೈನಸ್ಸಿಗಿಂತ ತುಸು ಜಾಸ್ತಿ ದಪ್ಪ ಇರುತ್ತದೆ.